ಹೆಗಡೆ, ಭಟ್, ಸಂಪುಟ 18
(ಶಿರಸಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲೊಬ್ಬರು ಅಡಿಕೆಯ ಕೊಳೆರೋಗದ ಬಗ್ಗೆ ಪ್ರಾಜೆಕ್ಟ್ ಬರೆದಿದ್ದಾರೆ. ಬರಹ ಚೆನ್ನಾಗಿದೆ. ಕೊನೆಯ ಆಕರಗಳ ಪಟ್ಟಿ ಮಾತ್ರ ಚಾಟ್‌ಬಾಟ್ ಕೊಟ್ಟದ್ದು. ಅದರಲ್ಲಿ ಒಂದನ್ನು ಬಿಡಿಸಿ ನೋಡೋಣ. ಬೋರ್ಡೋ ದ್ರಾವಣದ ಕುರಿತು ಹೆಗಡೆ ಮತ್ತು ಭಟ್ ಬರೆದ ಲೇಖನ, ‘ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್’, ಸಂಪುಟ 18, 2011. ಕೆಳಗೊಂದು ಡಿಒಐ, ಅಂದರೆ ಲೇಖನವನ್ನು ಗುರುತಿಸಲು ಕೊಡುವ ಕಾಯಂ ಸಂಖ್ಯೆ.

ಪತ್ರಿಕೆ ನಿಜ. ರೋಗವೂ ನಿಜ, ಮದ್ದೂ ನಿಜ. ಹೆಗಡೆ, ಭಟ್ಟರಿಗಂತೂ ಶಿರಸಿಯಲ್ಲಿ ಬರವಿಲ್ಲ! ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಹುಡುಕಾಟದ ಸೌಲಭ್ಯವಿಲ್ಲದ ಚಾಟ್‌ಬಾಟ್ ಯಾವ ಕಪಾಟಿನಿಂದಲೂ ಪುಸ್ತಕ ತೆಗೆದು ನೋಡುವುದಿಲ್ಲ. ಇಲ್ಲಿಯವರೆಗಿನ ಪದಗಳ ನಂತರ ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಒಂದೊಂದೇ ತುಣುಕು ಜೋಡಿಸುತ್ತದೆ. ಸಾವಿರಾರು ಕಡೆ ಉಲ್ಲೇಖವಾದ ಲೇಖನದ ವಿವರ ಹೀಗೂ ಸರಿಯಾಗಿ ಬರಬಹುದು. ಅಡಿಕೆಯಂಥ ವಿಷಯದಲ್ಲಿ ಅದಕ್ಕೆ ಉಳಿದಿರುವುದು ಉಲ್ಲೇಖದ ಅಚ್ಚು ಮಾತ್ರ: ಹೆಸರು, ವರ್ಷ, ಸಂಪುಟ, ಪುಟ. ಆ ಅಚ್ಚಿಗೆ ಹೊಂದುವುದನ್ನು ತುಂಬಿಬಿಡುತ್ತದೆ. ಲಿಂಕಿನ ಕಥೆಯೂ ಇದೇ. ವೆಬ್‌ಸೈಟಿನ ಹೆಸರು ಸರಿಯಿರುತ್ತದೆ, ಓರೆಗೆರೆಯ ನಂತರದ ಭಾಗ ಊಹೆ.

ಈಗ ಪರೀಕ್ಷಿಸೋಣ. ಈ ಪತ್ರಿಕೆ ಶುರುವಾದದ್ದು 1973ರಲ್ಲಿ, ವರ್ಷಕ್ಕೊಂದು ಸಂಪುಟ. ಹಾಗಾದರೆ 18ನೇ ಸಂಪುಟ ಬರಬೇಕಾದ್ದು 1990ಕ್ಕೆ. 2011ರದ್ದು 39. ಬೆರಳೆಣಿಕೆಯಲ್ಲೇ ಸಿಕ್ಕಿಬಿತ್ತು. ಮುಂದೆ, https://doi.org/ ಎಂದು ಬರೆದು ಅದರ ಪಕ್ಕ ಆ ಸಂಖ್ಯೆ ಹಾಕಿ. ‘DOI Not Found’ ಎಂದರೆ ಆ ಸಂಖ್ಯೆ ನೋಂದಣಿಯಾಗಿಲ್ಲ. ಪುಟ ತೆರೆದುಕೊಂಡರೂ ಶೀರ್ಷಿಕೆ ಓದಿ, ಎಷ್ಟೋ ಸಲ ಅದು ಬೇರೆಯೇ ಲೇಖನದ್ದಾಗಿರುತ್ತದೆ. ಆಮೇಲೆ ಪೂರ್ತಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ, ಆ ಸಂಪುಟದ ಪರಿವಿಡಿ ನೋಡಿ. ಲಿಂಕು ತೆರೆಯಲಿಲ್ಲ ಎಂದ ಮಾತ್ರಕ್ಕೆ ಸುಳ್ಳು ಎನ್ನಬೇಡಿ. ಸರ್ಕಾರಿ ತಾಣಗಳು ವಿಳಾಸ ಬದಲಿಸುತ್ತಲೇ ಇರುತ್ತವೆ. ಹಳೆಯ ಪ್ರತಿ web.archive.orgನಲ್ಲಿ ಸಿಗಬಹುದು.

‘ಇದು ನಿಜವೇ?’ ಎಂದು ಚಾಟ್‌ಬಾಟನ್ನೇ ಕೇಳಿ ಪ್ರಯೋಜನವಿಲ್ಲ. ನ್ಯೂಯಾರ್ಕಿನ ವಕೀಲರೊಬ್ಬರು ಹಾಗೇ ಕೇಳಿದರು, ಹೌದು ಎಂಬ ಉತ್ತರ ಬಂತು. ಚಾಟ್‌ಬಾಟ್ ಕಟ್ಟಿಕೊಟ್ಟ, ಇಲ್ಲದ ತೀರ್ಪುಗಳನ್ನು ಸಲ್ಲಿಸಿದ್ದಕ್ಕೆ 2023ರಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು.

ಇದಕ್ಕಿಂತ ಕಷ್ಟದ್ದು ಇನ್ನೊಂದು ಜಾತಿ. ಆಕರ ನಿಜ, ಅದರ ತಲೆಗೆ ಕಟ್ಟಿದ ಮಾತು ಸುಳ್ಳು. ಅಂತರ್ಜಾಲ ಹುಡುಕಿ ಉತ್ತರಿಸುವ ಚಾಟ್‌ಬಾಟ್‌ಗಳಲ್ಲೂ ಇದು ತಪ್ಪಿಲ್ಲ. ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದದ್ದು ನಿಜ. ‘ಮೆಟಲಾಕ್ಸಿಲ್ ಪರಿಣಾಮಕಾರಿ ಎಂದು ಕೋಲ್ಮನ್ ತೋರಿಸಿದರು’ ಎಂಬ ವಾಕ್ಯ ಬಂದರೆ? ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕ ಬಂದದ್ದೇ 1970ರ ದಶಕದಲ್ಲಿ. ಎಲ್ಲ ಸುಳ್ಳೂ ಇಷ್ಟು ಸುಲಭಕ್ಕೆ ಬಯಲಾಗುವುದಿಲ್ಲ. ಆದ್ದರಿಂದ ಮೂಲ ತೆರೆದು, ನಿಮ್ಮ ವಾಕ್ಯಕ್ಕೆ ಆಧಾರವಾದ ಸಾಲು ಹುಡುಕಿ, ಪುಟಸಂಖ್ಯೆ ಬರೆದಿಟ್ಟುಕೊಳ್ಳಿ. ಸಾರಾಂಶ ಮಾತ್ರ ಸಿಕ್ಕಿದ್ದರೆ ಸಾರಾಂಶದಲ್ಲಿ ಇರುವಷ್ಟನ್ನೇ ಬರೆಯಿರಿ.

ಪಟ್ಟಿಯಲ್ಲಿ ಇನ್ನೂ ಕೆಲವು ಆಕರಗಳಿವೆ. ಫೋನ್ ತೆಗೆಯಿರಿ, ಎರಡನೆಯದನ್ನು ನೀವೇ ನೋಡಿ ಹೇಳಿ.