'ಅನ್ನು' ಯಾವಾಗ ಬೇಕು, ಯಾವಾಗ ಬೇಡ?

ನಮಸ್ಕಾರ. ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾದರೆ ತೋಟದವರ ಬಾಯಲ್ಲಿ ಒಂದೇ ಮಾತು: 'ಆಳು ಹುಡುಕ್ತಿದ್ದೀನಿ.' ಇದನ್ನೇ 'ಆಳನ್ನ ಹುಡುಕ್ತಿದ್ದೀನಿ' ಅಂದು ನೋಡಿ. ಕೇಳಿದವರು 'ಯಾಕೆ, ಎಲ್ಲಿ ಹೋದ?' ಅಂತಾರೆ. ಮೊದಲನೆಯದರಲ್ಲಿ ಯಾರು ಸಿಕ್ಕರೂ ಆಯಿತು. ಎರಡನೆಯದರಲ್ಲಿ ಗೊತ್ತಿರುವ ಒಬ್ಬ ಆಳು ಕಾಣುತ್ತಿಲ್ಲ.

ಕರ್ಮಪದಕ್ಕೆ ಕೆಲವು ಸಲ ಪ್ರತ್ಯಯ ಹಚ್ಚುವುದು, ಕೆಲವು ಸಲ ಬಿಡುವುದು, ಇದಕ್ಕೆ ಭಾಷಾವಿಜ್ಞಾನದಲ್ಲಿ 'ಡಿಫರೆನ್ಷಿಯಲ್ ಆಬ್ಜೆಕ್ಟ್ ಮಾರ್ಕಿಂಗ್' ಅಂತ ಹೆಸರು. ಈ ಹೆಸರು ಕೊಟ್ಟವರು ಗೇಯಾರ್ಗ್ ಬೊಸ್ಸೋಂಗ್, 1980ರ ದಶಕದಲ್ಲಿ. ಸ್ಪ್ಯಾನಿಷ್, ಟರ್ಕಿಶ್, ಹಿಂದಿ, ಎಲ್ಲದರಲ್ಲೂ ಇದು ಇದೆ. ಟರ್ಕಿಶ್‌ನಲ್ಲಿ 'ಇಂಥದ್ದೇ' ಅನ್ನುವ ನಿರ್ದಿಷ್ಟತೆ ಮುಖ್ಯ. ಸ್ಪ್ಯಾನಿಷ್‌ನಲ್ಲಿ ಮನುಷ್ಯರೋ ಅಲ್ಲವೋ ಅನ್ನುವುದು ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಕನ್ನಡದಲ್ಲಿ ಎರಡೂ ಇವೆ, ಮತ್ತು ಎರಡನ್ನೂ ಬೇರೆ ಬೇರೆ ಮಾಡಿ ನೋಡಬಹುದು. 'ರಾತ್ರಿ ಕೂತು ಅಡಿಕೆ ಸುಲಿದೆವು' ಅಂದರೆ ಸುಲಿಯುವ ಕೆಲಸ ಮಾಡಿದೆವು ಅಷ್ಟೆ. 'ಅಡಿಕೆಯನ್ನು ಸುಲಿದೆವು' ಅಂದರೆ ಅಂಗಳದಲ್ಲಿ ಬಿದ್ದಿದ್ದ ಆ ಅಡಿಕೆ ಅನ್ನುವ ಅರ್ಥ ಬರುತ್ತದೆ. ಇಲ್ಲಿ ವಸ್ತು ಅದೇ, ಬದಲಾದದ್ದು ನಿರ್ದಿಷ್ಟತೆ. ಈಗ ಇನ್ನೊಂದು ಜೋಡಿ: 'ಏನಾದರೂ ತಗೊಂಡು ಬಾ', 'ಯಾರನ್ನಾದರೂ ಕರ್ಕೊಂಡು ಬಾ'. ಎರಡೂ ಕಡೆ ಇಂಥದ್ದೇ, ಇಂಥವರೇ ಅಂತ ಇಲ್ಲ. ಆದರೂ ಮನುಷ್ಯರಿಗೆ 'ಅನ್ನು' ಬೇಕೇ ಬೇಕು. 'ಯಾರಾದರೂ ಕರ್ಕೊಂಡು ಬಾ' ಅಂದರೆ, 'ಯಾರಾದರೂ ಒಬ್ಬರು ಹೋಗಿ ಕರ್ಕೊಂಡು ಬನ್ನಿ' ಅನ್ನುವ ಹಾಗೆ ಕೇಳಿಸುತ್ತದೆ. ಹಾಗಾಗಿ 'ಅನ್ನು' ಅಂದರೆ 'ನಿರ್ದಿಷ್ಟ' ಅಂತ ಒಂದೇ ಅರ್ಥ ಕಟ್ಟಿದರೆ ನಿಲ್ಲುವುದಿಲ್ಲ.

ಹಾಗಾದರೆ ಯಾಕೆ ಹೀಗೆ? ಎಲ್ಲರಿಗೂ ಬೇಗ ಹಿಡಿಸುವ ಉತ್ತರ ಬರ್ನಾರ್ಡ್ ಕಾಮ್ರಿಯವರದು. ಸಾಮಾನ್ಯವಾಗಿ ಕೆಲಸ ಮಾಡುವವರು ಮನುಷ್ಯರು, ಕೆಲಸ ನಡೆಯುವುದು ವಸ್ತುವಿನ ಮೇಲೆ. ಇದು ಅದಲುಬದಲಾದಾಗ, ಅಂದರೆ ಕರ್ಮವೇ ಕರ್ತೃವಿನ ಹಾಗೆ ಕಂಡಾಗ, ಗೊಂದಲ ತಪ್ಪಿಸಲು ಗುರುತು ಬೇಕು. 'ಹಾವು ಮುಂಗುಸಿ ಕೊಂದಿತು' ಅಂದರೆ ಯಾರು ಯಾರನ್ನು ಕೊಂದರು? ಅಲ್ವಾ? ಇಲ್ಲಿ ಈ ಮಾತು ಸರಿ.

ಆದರೆ ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. 'ನಾನು ಅವಳನ್ನು ನೋಡಿದೆ' ಅನ್ನುವಾಗ ಗೊಂದಲ ಎಲ್ಲಿದೆ? 'ನೋಡಿದೆ' ಅನ್ನುವ ಕ್ರಿಯಾಪದವೇ ನೋಡಿದ್ದು ನಾನು ಅಂತ ಹೇಳುತ್ತಿದೆ. ಆದರೂ 'ನಾನು ಅವಳು ನೋಡಿದೆ' ಅಂತ ಯಾರೂ ಹೇಳುವುದಿಲ್ಲ. ಗೊಂದಲ ಇಲ್ಲದ ಕಡೆಯೂ ಗುರುತು ಕಡ್ಡಾಯ ಅಂದಮೇಲೆ, ಪ್ರತಿ ವಾಕ್ಯದಲ್ಲೂ ಗೊಂದಲ ತಪ್ಪಿಸುವುದೇ ಕಾರಣ ಅಂತ ಹೇಗೆ ಹೇಳೋದು?

ಜೂಡಿತ್ ಐಸೆನ್ 2003ರಲ್ಲಿ ಇದನ್ನು ಇನ್ನೊಂದು ರೀತಿ ಇಟ್ಟರು. ಎರಡು ಒತ್ತಡ ಎದುರುಬದುರು. ಅಪರೂಪದ ಕರ್ಮಕ್ಕೆ ಗುರುತು ಹಾಕು ಅನ್ನುವುದು ಒಂದು, ಸುಮ್ನೆ ಪ್ರತ್ಯಯ ಖರ್ಚು ಮಾಡಬೇಡ ಅನ್ನುವುದು ಇನ್ನೊಂದು. ಸರ್ವನಾಮ, ಹೆಸರು, ಮನುಷ್ಯ, ಪ್ರಾಣಿ, ವಸ್ತು, ಈ ಮೆಟ್ಟಿಲುಗಳಲ್ಲಿ ಎಲ್ಲಿಗೆ ಗುರುತು ನಿಲ್ಲಿಸಬೇಕು ಅಂತ ಆಯಾ ಭಾಷೆಯೇ ತೀರ್ಮಾನಿಸುತ್ತದೆ. ಇಲ್ಲಿ ಗುರುತು ವ್ಯಾಕರಣದಲ್ಲೇ ಕೂತಿದೆ, ಹಾಗಾಗಿ 'ಅವಳನ್ನು' ಸಮಸ್ಯೆ ಆಗುವುದಿಲ್ಲ. ಆದರೆ ಒಂದು ಭಾಷೆ ಈ ಮೆಟ್ಟಿಲಲ್ಲೇ ಯಾಕೆ ನಿಂತಿತು ಅನ್ನುವುದಕ್ಕೆ ಇದರಲ್ಲಿ ಉತ್ತರ ಸಿಗಲ್ಲ.

ಕನ್ನಡದ ಬಗ್ಗೆಯೇ ಬರೆದವರು ಜೆಫ್ರಿ ಲಿಡ್ಜ್, 2006ರಲ್ಲಿ. ವಸ್ತುಗಳಲ್ಲಿ 'ಅನ್ನು' ಬಿಡಲು ಅವಕಾಶ ಇದೆ, ಅದಕ್ಕೇ ಹಾಕಿದಾಗ ನಿರ್ದಿಷ್ಟತೆಯ ಅರ್ಥ ಬರುತ್ತದೆ. ಜೀವಿಗಳಲ್ಲಿ ಅದು ಕಡ್ಡಾಯ, ಆಯ್ಕೆಯೇ ಇಲ್ಲ, ಹಾಗಾಗಿ ಅಲ್ಲಿ ಆ ಅರ್ಥ ಹೊರಡುವುದಿಲ್ಲ. 'ಯಾರನ್ನಾದರೂ' ಯಾಕೆ ಹಾಗಿದೆ ಅಂತ ಇದರಿಂದ ಗೊತ್ತಾಗುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ ವಿವರಣೆ ಇದೇ.

ಆದರೆ ಮಲೆನಾಡಿನ ಮಾತು ಇದನ್ನೂ ಸ್ವಲ್ಪ ಅಲ್ಲಾಡಿಸುತ್ತದೆ. 'ದನ ಮೇಯಿಸಿದ', 'ಕೋಳಿ ಸಾಕಿದ್ದೇವೆ', 'ಸಾಗರಕ್ಕೆ ಹೆಣ್ಣು ನೋಡೋಕೆ ಹೋಗಿದ್ದರು', ಎಲ್ಲೂ 'ಅನ್ನು' ಇಲ್ಲ, ಆದರೂ ಎಲ್ಲವೂ ಜೀವ ಇರುವಂಥವೇ. ಇಲ್ಲಿ ನಾಮಪದ ಕ್ರಿಯಾಪದದ ಜೊತೆ ಸೇರಿ ಒಂದು ಕೆಲಸದ ಹೆಸರಾಗಿದೆ ಅಂತ ನನ್ನ ಲೆಕ್ಕ. 'ಆಳು ಹುಡುಕುವುದು' ಕೂಡ ಹಾಗೇ ಒಂದು ಕೆಲಸ. ಅಂದರೆ ಜೀವ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಮೊದಲು, ಆ ಪದ ಒಬ್ಬ ವ್ಯಕ್ತಿಯನ್ನು ತೋರಿಸುತ್ತಿದೆಯೋ ಇಲ್ಲವೋ ಅಂತ ಕೇಳಬೇಕು.

ಇದಕ್ಕೂ ಒಂದು ಮಿತಿ ಇದೆ. 'ಆಳು' ಬದಲು 'ಕೆಲಸದವರು' ಅನ್ನುವ ಪದ ಹಾಕಿ. ಅರ್ಥ ಅದೇ, ಯಾರು ಸಿಕ್ಕರೂ ಆಯಿತು. ಆದರೆ 'ಕೆಲಸದವರು ಹುಡುಕ್ತಿದ್ದೀನಿ' ಅಂತ ಹೇಳಲು ಆಗಲ್ಲ, 'ಕೆಲಸದವರನ್ನ' ಅನ್ನಲೇಬೇಕು. ಪದದ ಕೊನೆಯಲ್ಲಿ ಮನುಷ್ಯರದ್ದೇ ಆದ 'ಅವರು' ಬಂದು ಕೂತರೆ ಪ್ರತ್ಯಯ ಬಿಡಲು ಆಗುವುದಿಲ್ಲ. 'ಆಳು', 'ಹೆಣ್ಣು' ಪದಗಳಲ್ಲಿ ಆ ಮುದ್ರೆ ಇಲ್ಲ. ಜೀವ, ನಿರ್ದಿಷ್ಟತೆ ಅಂತ ಅರ್ಥವನ್ನು ಮಾತ್ರ ಹಿಡಿದ ಯಾವ ಸಿದ್ಧಾಂತವೂ ಈ ಎರಡು ವಾಕ್ಯಗಳ ವ್ಯತ್ಯಾಸ ಹೇಳಲಾರದು.