ಮೂರನೇ ತಿಂಗಳಲ್ಲಿ ಕೊಂಡಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್. ಮಂಡಿ, ಸೊಂಟ, ಭುಜದ ನೋವಿನವರಿಗೆ ಮನೆಯಲ್ಲೇ ಮಾಡಿಕೊಳ್ಳುವ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಹೇಳಿಕೊಡುವುದೇನೋ ಸುಲಭ. ಅವರು ಅದನ್ನು ಬಿಡದೆ ಮಾಡುವಂತೆ ನೋಡಿಕೊಳ್ಳುವುದು ಕಷ್ಟ. ಮೊದಲ ತಿಂಗಳು ಹುರುಪಿನಲ್ಲೇ ಕಳೆಯುತ್ತದೆ. ಎರಡನೇ ತಿಂಗಳು ಹೇಗೋ ಸಾಗುತ್ತದೆ. ಮೂರನೇ ತಿಂಗಳಲ್ಲಿ ಬಂದು ಎದುರಿಗೆ ಕೂತು, "ಯಾಕೋ ಈಗ ಮನಸ್ಸೇ ಬರ್ತಿಲ್ಲ" ಅನ್ನುತ್ತಾರೆ. ಇವತ್ತು ನಾನು ಮಾತಾಡುವುದು ಆ ಮೂರನೇ ತಿಂಗಳ ಬಗ್ಗೆ ಮಾತ್ರ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರನೇ ತಿಂಗಳಲ್ಲಿ ಮನಸ್ಸನ್ನು ನೋಡಬೇಡಿ, ಕೊಂಡಿಯನ್ನು ನೋಡಿ.

ಕೊಂಡಿ ಅಂದರೆ ಏನು? ನೀವು ದಿನಾ ತಪ್ಪದೆ ಮಾಡುವ ಒಂದು ಹಳೆಯ ಕೆಲಸ ಇರುತ್ತದೆ. ಅದರ ಬೆನ್ನಿಗೇ ಹೊಸ ಕೆಲಸವನ್ನು ಜೋಡಿಸುತ್ತೀರಿ. ಹ್ಯಾಬಿಟ್ ಸ್ಟ್ಯಾಕಿಂಗ್ ಅಂತ ಈಗ ಎಲ್ಲರೂ ಹೇಳುತ್ತಾರಲ್ಲ, ಅದು ಇಷ್ಟೇ. ಹಳೆಯದು ಮುಗಿಯುವ ಜಾಗ, ಹೊಸದು ಶುರುವಾಗುವ ಜಾಗ, ಇವೆರಡೂ ಸೇರುವಲ್ಲಿ ಕೊಂಡಿ ಇದೆ.

ನನ್ನ ಹತ್ತಿರ ಬರುತ್ತಿದ್ದ ಒಬ್ಬರ ಕಥೆ ಹೇಳುತ್ತೇನೆ. ಐವತ್ತು ದಾಟಿದವರು, ಮಂಡಿ ಸವೆತ. ಅವರಿಗೆ ಕೊಟ್ಟಿದ್ದು ಬಹಳ ಸರಳವಾದ ವ್ಯಾಯಾಮ. ಕುರ್ಚಿಯಲ್ಲಿ ನೆಟ್ಟಗೆ ಕೂರುವುದು, ಒಂದು ಕಾಲನ್ನು ಮುಂದಕ್ಕೆ ಚಾಚಿ ಮಂಡಿ ನೇರ ಮಾಡುವುದು, 5 ಸೆಕೆಂಡ್ ಹಾಗೇ ಹಿಡಿದು ನಿಧಾನವಾಗಿ ಇಳಿಸುವುದು. ಒಂದೊಂದು ಕಾಲಿಗೆ 10 ಸಲ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮಂಡಿಗೆ ಆಸರೆ ಸಿಗುತ್ತದೆ. ಎಲ್ಲಾ ಸೇರಿ ಮೂರು ನಿಮಿಷವೂ ಹಿಡಿಯುವುದಿಲ್ಲ.

ಯಾವಾಗ ಮಾಡುತ್ತೀರಿ ಅಂತ ಕೇಳಿದೆ. "ಸಂಜೆ ಬಿಡುವಾದಾಗ" ಅಂದರು. ಬಿಡುವು ಅನ್ನುವುದಕ್ಕೆ ಗಂಟೆಯೂ ಇಲ್ಲ, ಜಾಗವೂ ಇಲ್ಲ. ಅದಕ್ಕೆ ಯಾವುದನ್ನೂ ಜೋಡಿಸಲು ಆಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಹಲ್ಲುಜ್ಜುವುದು ಅವರಿಗೆ ಚಿಕ್ಕಂದಿನ ರೂಢಿ. ಅದಕ್ಕೇ ಜೋಡಿಸೋಣ ಅಂದೆ. ಆದರೆ "ಹಲ್ಲುಜ್ಜಿದ ಮೇಲೆ" ಅಂದರೂ ಸಾಲದು. ಬಾಯಿ ಮುಕ್ಕಳಿಸಿ, ಬ್ರಷ್ಷನ್ನು ಲೋಟದಲ್ಲಿ ಇಡುತ್ತಾರಲ್ಲ, ಆ ಕೊನೆಯ ಚಲನೆಗೇ ಜೋಡಿಸಬೇಕು. ಬ್ರಷ್ ಇಟ್ಟೆ, ಕುರ್ಚಿಯಲ್ಲಿ ಕೂತೆ. ಬಚ್ಚಲಮನೆ ಬಾಗಿಲ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಸಿದೆ.

ದಿನಾ ವಿಚಾರಿಸಲು ಒಬ್ಬರು ಬೇಕಿತ್ತು. ಬೇರೆ ಊರಿನಲ್ಲಿದ್ದ ಅವರ ತಂಗಿ ಒಪ್ಪಿಕೊಂಡರು. ರಾತ್ರಿ ಒಂದು ಫೋನ್. ಎರಡು ತಿಂಗಳು ಚೆನ್ನಾಗಿ ನಡೆಯಿತು. ಮೆಟ್ಟಿಲು ಹತ್ತುವಾಗ ನೋವು ಕಡಿಮೆಯಾಯಿತು. ಆಮೇಲೆ, ಹತ್ತನೇ ವಾರದ ಹೊತ್ತಿಗೆ, ನಿಂತೇಹೋಯಿತು. ಬಂದವರೇ ಅದೇ ಮಾತು, "ಮನಸ್ಸೇ ಬರ್ತಿಲ್ಲ."

ತಂಗಿ ಫೋನಿನಲ್ಲಿ ಏನು ಕೇಳುತ್ತಾರೆ ಅಂತ ವಿಚಾರಿಸಿದೆ. "ಮಾಡಿದ್ಯಾ ಅಣ್ಣಾ?" ಅಂತ ಕೇಳುತ್ತಿದ್ದರಂತೆ. ಇವರು ಕೆಲವು ದಿನ "ಹ್ಞೂಂ" ಅಂದರು, ಕೆಲವು ದಿನ "ನಾಳೆ ಮಾಡ್ತೀನಿ" ಅಂದರು. ಅಲ್ಲಿಗೆ ಮಾತು ಮುಗಿಯಿತು. "ಮಾಡಿದ್ಯಾ" ಅನ್ನುವ ಪ್ರಶ್ನೆಯಿಂದ ಹುಟ್ಟುವುದು ನಾಚಿಕೆ ಮಾತ್ರ. ಎಲ್ಲಿ ತಪ್ಪಿತು ಅನ್ನುವುದು ಗೊತ್ತಾಗುವುದಿಲ್ಲ. ತಂಗಿಗೆ ನಾನೇ ಫೋನ್ ಮಾಡಿ, ಪ್ರಶ್ನೆ ಬದಲಾಯಿಸಿ ಅಂದೆ. ಆ ರಾತ್ರಿ ಅವರು ಕೇಳಿದರು: "ಅಣ್ಣಾ, ಬ್ರಷ್ ಇಟ್ಟ ಮೇಲೆ ಏನ್ ಮಾಡ್ದೆ?"

"ಮಲಗೋಕೆ ಹೋದೆ."

"ಕುರ್ಚಿ ಹತ್ರ ಹೋಗ್ಲಿಲ್ವಾ?"

"ಕುರ್ಚಿ ಎಲ್ಲಿದೆ ಅಲ್ಲಿ? ಹುಡುಗ ಓದೋಕೆ ಅಂತ ತನ್ನ ರೂಮಿಗೆ ತಗೊಂಡು ಹೋಗಿದಾನೆ ಕಣೇ."

ನೋಡಿ, ಹದಿನೈದು ದಿನ ಆ ಮನುಷ್ಯ ತನ್ನ ಮನಸ್ಸನ್ನು ಬೈದುಕೊಂಡಿದ್ದರು. ತಪ್ಪಿಹೋಗಿದ್ದು ಒಂದು ಕುರ್ಚಿ! ನೋವು ಜಾಸ್ತಿ ಇದ್ದಾಗ ಕುರ್ಚಿ ಇಲ್ಲದಿದ್ದರೂ ಹುಡುಕಿ ತರುತ್ತಿದ್ದರು. ನೋವು ತಗ್ಗಿತ್ತು, ಹುಡುಕುವ ತುರ್ತು ಇರಲಿಲ್ಲ. ಮೂರನೇ ತಿಂಗಳಲ್ಲಿ ಆಗುವುದು ಇದೇ. ಶುರು ಮಾಡಿಸಿದ ಕಾರಣದ ಬಿಸಿ ಆರಿರುತ್ತದೆ, ಅಭ್ಯಾಸ ಇನ್ನೂ ತಾನಾಗಿ ನಡೆಯುವಷ್ಟು ಗಟ್ಟಿಯಾಗಿರುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಸಣ್ಣ ಅಡ್ಡಿಯೂ ಸಾಕು.

ಕುರ್ಚಿ ವಾಪಸ್ ಬಂತು. ಮೊದಲ ವಾರ ಒಂದೊಂದು ಕಾಲಿಗೆ 2 ಸಲ ಮಾತ್ರ ಮಾಡಿ ಅಂದೆ. 2 ಸಲಕ್ಕೆ ಸ್ನಾಯು ಗಟ್ಟಿಯಾಗುವುದಿಲ್ಲ, ಅದು ನನಗೂ ಗೊತ್ತು. ಆ ವಾರ ನಾವು ಗಟ್ಟಿ ಮಾಡುತ್ತಿದ್ದದ್ದು ಕೊಂಡಿಯನ್ನು. ಬ್ರಷ್ ಇಟ್ಟೆ, ಕೂತೆ. ಅಷ್ಟು ನಡೆದರೆ ಸಾಕು. ಮುಂದಿನ ವಾರ 5 ಸಲ, ಆಮೇಲೆ ಮತ್ತೆ 10. ಕೆಲವು ವಾರ ಕಳೆದ ಮೇಲೆ, ತಂಗಿ ಫೋನ್ ಮಾಡದ ರಾತ್ರಿಗಳಲ್ಲೂ ಅವರು ಕೂತು ಮಾಡುತ್ತಿದ್ದರು.

ಕಥೆ ಉದ್ದವಾಯಿತು, ಸಮಯ ಕಡಿಮೆ ಇದೆ. ಆದರೂ ಒಂದು ಮಾತು ಹೇಳಲೇಬೇಕು. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅಂತ ಯಾರೋ ಹೇಳಿದ್ದನ್ನು ದಯವಿಟ್ಟು ನಂಬಬೇಡಿ. ಆ ಮಾತಿನಿಂದಲೇ ಎಷ್ಟೋ ಜನ ಮೂರನೇ ತಿಂಗಳಲ್ಲಿ "ನನ್ನಲ್ಲೇ ಏನೋ ಕೊರತೆ" ಅಂದುಕೊಂಡು ಬಿಡುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 84 ದಿನ ಗಮನಿಸಿದರು. ಪ್ರತಿಯೊಬ್ಬರೂ ಒಂದು ಹೊಸ ಕೆಲಸವನ್ನು ದಿನದ ಒಂದು ಹಳೆಯ ಕೆಲಸಕ್ಕೆ ಜೋಡಿಸಿಕೊಂಡಿದ್ದರು. ಅದು ಯೋಚಿಸದೆ ನಡೆಯುವ ಹಂತಕ್ಕೆ ಬರಲು ಹಿಡಿದ ದಿನಗಳ ಮಧ್ಯದ ಲೆಕ್ಕ 66. ಕೆಲವರಿಗೆ 18 ದಿನ ಸಾಕಾಗಿತ್ತು, ಇನ್ನು ಕೆಲವರಿಗೆ 254 ದಿನ ಬೇಕಾದೀತು ಅಂತ ಲೆಕ್ಕ ಬಂತು. ನೀರು ಕುಡಿಯುವಂಥ ಸುಲಭದ ಕೆಲಸಕ್ಕಿಂತ ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ಅಂದರೆ ಮೂರನೇ ತಿಂಗಳಲ್ಲಿ ನಿಮಗೆ ಇನ್ನೂ ಕಷ್ಟ ಅನ್ನಿಸಿದರೆ ಅದು ಸಹಜ.

ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ವಿಷಯ: ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಹಾಗಾಗಿ ವಿಚಾರಿಸುವವರು ಒಂದು ದಿನ ತಪ್ಪಿದ್ದಕ್ಕೆ ಗದರಬೇಕಾಗಿಲ್ಲ. ಎರಡನೇ ದಿನವೂ ತಪ್ಪಿದರೆ ಆಗ ಕೊಂಡಿಯ ಪ್ರಶ್ನೆ ಕೇಳಲಿ. ಊರಿಗೆ ಹೋಗಿದ್ದಿರಾ? ಮಲಗುವ ಹೊತ್ತು ಬದಲಾಯಿತಾ? ಕುರ್ಚಿ ಜಾಗದಲ್ಲಿದೆಯಾ?

ವಿಚಾರಿಸುವವರಿಗೂ ಮೂರನೇ ತಿಂಗಳು ಬರುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಮೊದಲು ದಿನಾ ಬರುತ್ತಿದ್ದ ಫೋನ್ ಎರಡು ದಿನಕ್ಕೊಮ್ಮೆ ಆಗುತ್ತದೆ, ಆಮೇಲೆ ಬರೀ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಹಾಗಾದಾಗ ಮುನಿಸಿಕೊಳ್ಳಬೇಡಿ. ಅವರ ಫೋನಿಗೂ ಒಂದು ಕೊಂಡಿ ಬೇಕು. ಸುಮ್ನೆ "ರಾತ್ರಿ ಮಾಡ್ತೀನಿ" ಅಂದರೆ ನಡೆಯುವುದಿಲ್ಲ. ಆ ತಂಗಿ ಮನೆ ಬಾಗಿಲಿಗೆ ಚಿಲಕ ಹಾಕಿದ ಕೂಡಲೇ ಅಣ್ಣನಿಗೆ ಫೋನ್ ಮಾಡುತ್ತಿದ್ದರು. ನಿಮ್ಮನ್ನು ವಿಚಾರಿಸುವವರು ದಿನಾ ತಪ್ಪದೆ ಮಾಡುವ ಕೆಲಸ ಯಾವುದು ಅಂತ ಇವತ್ತೇ ಕೇಳಿ, ಫೋನನ್ನು ಅದಕ್ಕೆ ಜೋಡಿಸಲು ಹೇಳಿ.

ನಮಸ್ಕಾರ.