ಪಾಠದ ಪರದೆಯಲ್ಲಿ ಸನ್ನೆ ಭಾಷೆಗೆ ಜಾಗ

ಕೇಳುಗರಿಗೆಲ್ಲ ನಮಸ್ಕಾರ.

ಶಾಲೆ ಪಾಠದ ವಿಡಿಯೊಗಳನ್ನು ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಕೆಲವದರಲ್ಲಿ ಬಲಗಡೆ ಕೆಳಮೂಲೆಯಲ್ಲಿ ಒಂದು ಸಣ್ಣ ಚೌಕ ಇರುತ್ತದೆ. ಟೀಚರ್ ಹೇಳಿದ್ದನ್ನು ಅಲ್ಲಿ ಒಬ್ಬರು ಸನ್ನೆ ಭಾಷೆಯಲ್ಲಿ ಹೇಳುತ್ತಿರುತ್ತಾರೆ. ಕಿವಿ ಕೇಳದ ಮಕ್ಕಳಿಗೆ ಪಾಠ ಸಿಗಬೇಕಾದದ್ದು ಆ ಚೌಕದಿಂದ. ಅದನ್ನು ಎಲ್ಲಿ, ಎಷ್ಟು ದೊಡ್ಡದಾಗಿ ಇಡಬೇಕು ಎನ್ನುವುದೇ ಇವತ್ತಿನ ವಿಷಯ.

ಮಂಗಳೂರಿನಲ್ಲಿ ನಾವು ತಯಾರು ಮಾಡಿದ ಮಳೆಗಾಲದ ಪಾಠವನ್ನೇ ತೆಗೆದುಕೊಳ್ಳೋಣ. ಚಿತ್ರದಲ್ಲಿ ಎಡಗಡೆ ಅರಬ್ಬಿ ಸಮುದ್ರ. ಮೋಡ ಕರಾವಳಿ ದಾಟಿ ಘಟ್ಟ ಹತ್ತುತ್ತದೆ, ಆಗುಂಬೆಯಲ್ಲಿ ಜೋರು ಮಳೆ ಸುರಿಯುತ್ತದೆ. ಬಲಗಡೆ ಚಿತ್ರದುರ್ಗದ ಒಣ ನೆಲ. ಈಗ ಬಲ ಮೂಲೆಯಲ್ಲಿ ಚೌಕ ಇಟ್ಟರೆ ಏನಾಗುತ್ತದೆ? ಚಿತ್ರದುರ್ಗವೇ ಮುಚ್ಚಿಹೋಗುತ್ತದೆ. ಘಟ್ಟದ ಆಚೆ ಮಳೆ ಯಾಕೆ ಕಡಿಮೆ ಎಂದು ಟೀಚರ್ ಕೇಳುವಾಗ, ಆ ಆಚೆಯ ಊರೇ ಕಾಣುವುದಿಲ್ಲ.

ಹಾಗಾಗಿ ಚಿತ್ರದ ಮೇಲೆ ಚೌಕ ಅಂಟಿಸಬೇಡಿ. ಪಕ್ಕದಲ್ಲಿ ಬೇರೆ ಜಾಗ ಕೊಡಿ. ಪರದೆಯ ಅಗಲವನ್ನು ಮೂರು ಪಾಲು ಮಾಡಿ. ಎರಡು ಪಾಲು ಪಾಠದ ಚಿತ್ರಕ್ಕೆ, ಒಂದು ಪಾಲು ಸನ್ನೆ ಮಾಡುವವರಿಗೆ. ಸಾಮಾನ್ಯ ವಿಡಿಯೊ 1920 ಚುಕ್ಕಿ ಅಗಲ, 1080 ಚುಕ್ಕಿ ಎತ್ತರ ಇರುತ್ತದೆ. ಅದರಲ್ಲಿ ಪಾಠದ ಚಿತ್ರ 1280 ಅಗಲ, 720 ಎತ್ತರಕ್ಕೆ ಕುಗ್ಗಿ ಸರಿಯಾಗಿ ಕೂರುತ್ತದೆ. ಪಕ್ಕದಲ್ಲಿ 640 ಅಗಲ ಉಳಿಯುತ್ತದೆ. ಕೆಳಗೆ ಖಾಲಿ ಉಳಿಯುವ ಪಟ್ಟಿಯಲ್ಲಿ ಅಕ್ಷರದ ಸಾಲು ಬರಲಿ, ಕೈಗಳ ಮೇಲೆ ಬರುವುದು ಬೇಡ. ಚಿತ್ರ ಚಿಕ್ಕದಾಗುವುದರಿಂದ ಅದರೊಳಗಿನ ಊರಿನ ಹೆಸರುಗಳನ್ನು ಮೊದಲೇ ದಪ್ಪಗೆ ಬರೆಯಬೇಕು.

ಜಾಗ ಕಿರಿದು ಅಂತ ಸನ್ನೆ ಮಾಡುವವರನ್ನು ಮೊಬೈಲ್ ಉದ್ದಕ್ಕೆ ಹಿಡಿದು ಚಿತ್ರಿಸುವವರು ಜಾಸ್ತಿ. ಅದರಲ್ಲಿ ಮೊಣಕೈ ಕತ್ತರಿಸಿಹೋಗುತ್ತದೆ. ತಲೆಯ ಮೇಲೆ ಒಂದು ಗೇಣು, ಕೆಳಗೆ ಸೊಂಟದವರೆಗೆ, ಎರಡೂ ಬದಿ ಮೊಣಕೈ ಅಗಲಿಸಿದಷ್ಟು, ಇಷ್ಟೂ ಕಾಣಬೇಕು. ಅದಕ್ಕೆ ಮೊಬೈಲನ್ನು ಅಡ್ಡಕ್ಕೇ ಇಟ್ಟು ತೆಗೆದು, ನಡುವಿನ ಅರ್ಧವನ್ನು ಬಳಸಿ. ಅದು ನಮ್ಮ 640ಕ್ಕೆ 720ರ ಜಾಗಕ್ಕೆ ಹೊಂದಿಕೊಳ್ಳುತ್ತದೆ.

ಮುಖ ದೊಡ್ಡದಾಗಿ ಕಾಣಲೇಬೇಕು. ಯಾಕೆಂದರೆ ಸನ್ನೆ ಭಾಷೆಯ ವ್ಯಾಕರಣ ಮುಖದಲ್ಲೂ ಇದೆ. ಮಳೆ ಬಂತು, ಮಳೆ ಬಂತಾ, ಎರಡಕ್ಕೂ ಕೈ ಹೆಚ್ಚುಕಡಿಮೆ ಒಂದೇ. ಹುಬ್ಬು ಎತ್ತಿದಾಗ ಅದು ಪ್ರಶ್ನೆ. ನೋಡುವವರ ಕಣ್ಣೂ ಹೆಚ್ಚು ಹೊತ್ತು ಮುಖದ ಮೇಲೇ ಇರುತ್ತದೆ, ಕೈಗಳನ್ನು ಕಣ್ಣಂಚಿನಲ್ಲೇ ಹಿಡಿಯುತ್ತಾರೆ. ಮೂಲೆಯ ಸಣ್ಣ ಚೌಕದಲ್ಲಿ ಹುಬ್ಬು ಎಲ್ಲಿ ಕಾಣಬೇಕು?

ಇನ್ನು ಎಡ ಬಲ. ಸನ್ನೆ ಮಾಡುವವರು ಬಲಗೈಯವರಾದರೆ ಪರದೆಯ ಬಲಗಡೆ ಇಡಿ. ಅವರು ನಮ್ಮ ಕಡೆ ಮುಖ ಮಾಡಿರುವುದರಿಂದ ಅವರ ಬಲಗೈ ಚಿತ್ರದ ಪಕ್ಕಕ್ಕೆ ಬರುತ್ತದೆ, ಆಗುಂಬೆಯನ್ನು ಸಲೀಸಾಗಿ ತೋರಿಸಬಹುದು. ಆದರೆ ಮೋಡ ನಮಗೆ ಎಡದಿಂದ ಬಲಕ್ಕೆ ಹೋಗಬೇಕು. ಅಂದರೆ ಅವರು ತಮ್ಮ ಬಲದಿಂದ ಎಡಕ್ಕೆ ಕೈ ಒಯ್ಯಬೇಕು. ಇಲ್ಲದಿದ್ದರೆ ಮೋಡ ಚಿತ್ರದುರ್ಗದಿಂದ ಹೊರಟು ಸಮುದ್ರಕ್ಕೆ ಹೋಗುತ್ತದೆ! ಚಿತ್ರೀಕರಣದ ಹೊತ್ತಿಗೆ ಪಾಠದ ಚಿತ್ರವನ್ನು ಒಂದು ಲ್ಯಾಪ್‌ಟಾಪಿನಲ್ಲಿ ಅವರ ಬಲಬದಿಗೇ ಇಟ್ಟರೆ ಕೈಯೂ ನೋಟವೂ ತಪ್ಪುವುದಿಲ್ಲ.

ಜಾಗ ಸರಿಯಾದರೂ ಒಂದು ತೊಡಕು ಉಳಿಯುತ್ತದೆ. ಕೇಳುವ ಮಗು ಚಿತ್ರ ನೋಡುತ್ತಲೇ ಟೀಚರ್ ಮಾತು ಕೇಳುತ್ತದೆ. ಕೇಳದ ಮಗುವಿಗೆ ಎರಡೂ ಕಣ್ಣಿನ ಕೆಲಸ. ಸನ್ನೆ ಮಾತಿಗಿಂತ ಸ್ವಲ್ಪ ಹಿಂದೆಯೇ ಇರುತ್ತದೆ ಬೇರೆ. ಮೋಡ ಘಟ್ಟ ಹತ್ತುವಾಗ ಮಗು ಕೈ ನೋಡುತ್ತಿದ್ದರೆ ಮೋಡ ತಪ್ಪಿಹೋಯಿತು. ಅದಕ್ಕೆ ಮೊದಲು ಚಿತ್ರವನ್ನು ನಿಲ್ಲಿಸಿ ಹೇಳುವುದನ್ನು ಹೇಳಿ ಮುಗಿಸಲಿ. ಆಮೇಲೆ ಸನ್ನೆ ಮಾಡುವವರು ಕೈ ಇಳಿಸಿ, ತಲೆ ತಿರುಗಿಸಿ ತಾವೂ ಚಿತ್ರ ನೋಡಬೇಕು. ಅವರ ನೋಟದ ಹಿಂದೆಯೇ ಮಗುವಿನ ನೋಟವೂ ಹೋಗುತ್ತದೆ. ಆಗ ಮೋಡ ಓಡಲಿ, ಟೀಚರ್ ಸುಮ್ಮನಿರಲಿ. ಪಾಠ ಉದ್ದವಾಗುತ್ತದೆ ನಿಜ. ಆಗಲಿ ಬಿಡಿ.

ಇಡೀ ಕರ್ನಾಟಕದ ನಕ್ಷೆಯಂತಹ ಸಣ್ಣ ಅಕ್ಷರದ ಚಿತ್ರಕ್ಕೆ ಈ ಎರಡು ಪಾಲೂ ಸಾಲುವುದಿಲ್ಲ. ಆಗ ಮೊದಲು ಸನ್ನೆ ಮಾಡುವವರೇ ಪೂರ್ತಿ ಪರದೆಯಲ್ಲಿ ಹೇಳಲಿ, ನಂತರ ನಕ್ಷೆಯೊಂದೇ ಬರಲಿ.

ಕೊನೆಗೆ ಪರೀಕ್ಷೆ. ವಿಡಿಯೊವನ್ನು ಎಡಿಟಿಂಗಿನ ದೊಡ್ಡ ಪರದೆಯಲ್ಲಿ ನೋಡಿದರೆ ಸಾಲದು. ಸನ್ನೆ ಭಾಷೆ ಬಲ್ಲ, ಕಿವಿ ಕೇಳದ ಒಂದಿಬ್ಬರು ಮಕ್ಕಳ ಕೈಗೆ ಮೊಬೈಲಿನಲ್ಲೇ ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಬರಿಯ ಗೆರೆಗಳ ಚಿತ್ರ ಕೊಟ್ಟು, ಮೋಡ ಯಾವ ಕಡೆಯಿಂದ ಬಂತು, ಮಳೆ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಗುರುತು ಮಾಡಲು ಹೇಳಿ. ಇಬ್ಬರೂ ಒಂದೇ ಕಡೆ ತಪ್ಪಿದರೆ ವಿಡಿಯೊವನ್ನು ಅಲ್ಲಿಗೆ ಓಡಿಸಿ ನೋಡಿ. ಕೈಯೂ ಚಿತ್ರವೂ ಒಟ್ಟಿಗೆ ಓಡುತ್ತಿದ್ದರೆ ಅಲ್ಲೇ ಕತ್ತರಿಸಿ ಬಿಡುವು ಸೇರಿಸಬೇಕು.

ನಮಸ್ಕಾರ.